ಬೆನ್ನು ಎಷ್ಟು ಡಿಗ್ರಿ ಬಾಗಿದೆ? ಸ್ಕೋಲಿಯೋಸಿಸ್ ಕೋನ, ಬ್ರೇಸ್, ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯಿಂದ ಮಕ್ಕಳ ಎಕ್ಸ್‌ರೇ ಹಿಡಿದುಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವ ಅಪ್ಪ ಅಮ್ಮಂದಿರು ಫಿಸಿಯೋಥೆರಪಿಗೆ ಬಂದಾಗ ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಇವು. ಹೆಚ್ಚಿನವು ಒಂದು ಸಂಖ್ಯೆಯ ಸುತ್ತಲೇ ತಿರುಗುತ್ತವೆ. ಹಾಗಾಗಿ ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದರಿಂದಲೇ ಶುರು ಮಾಡಿದ್ದೇನೆ.

ಇಲ್ಲಿ ಬರೆದದ್ದೆಲ್ಲ 10ರಿಂದ 18 ವರ್ಷದೊಳಗೆ, ಬೇರೆ ಯಾವ ಕಾಯಿಲೆಯೂ ಇಲ್ಲದ ಮಕ್ಕಳಲ್ಲಿ ಕಾಣುವ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಬಗ್ಗೆ ಮಾತ್ರ. ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ರೂಪುಗೊಳ್ಳದಿದ್ದರೆ, ಅಥವಾ ನರ-ಸ್ನಾಯುವಿನ ತೊಂದರೆ ಇದ್ದರೆ ಲೆಕ್ಕವೇ ಬೇರೆ.

ರಿಪೋರ್ಟಿನಲ್ಲಿ "ಕಾಬ್ ಆ್ಯಂಗಲ್ 22 ಡಿಗ್ರಿ" ಅಂತ ಉಂಟು. ಹಾಗೆಂದರೆ ಎಂತ?

ಬೆನ್ನುಮೂಳೆ ಪಕ್ಕಕ್ಕೆ ಎಷ್ಟು ಬಾಗಿದೆ ಎಂಬುದರ ಅಳತೆ ಅದು. ಜಾನ್ ಕಾಬ್ ಎಂಬ ಅಮೆರಿಕದ ಮೂಳೆ ಡಾಕ್ಟರು 1948ರಲ್ಲಿ ಬರೆದಿಟ್ಟ ವಿಧಾನ ಇವತ್ತಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. 10 ಅಥವಾ ಮೇಲೆ ಇದ್ದು, ಜೊತೆಗೆ ಮೂಳೆ ತನ್ನ ಸುತ್ತ ಸ್ವಲ್ಪ ತಿರುಚಿಕೊಂಡೂ ಇದ್ದರೆ ಸ್ಕೋಲಿಯೋಸಿಸ್.

ಆ ತಿರುಚುವಿಕೆ ಮುಖ್ಯ. ಮಗು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಬದಿ ಎದ್ದು ಕಾಣುವುದು ಅದರಿಂದಲೇ. ಕಾಬ್ ಕೋನ ಅದನ್ನು ಅಳೆಯುವುದಿಲ್ಲ, ಪಕ್ಕದ ಬಾಗು ಮಾತ್ರ ಅಳೆಯುತ್ತದೆ. ಅದಕ್ಕೇ 30 ಡಿಗ್ರಿಯ ಇಬ್ಬರು ಮಕ್ಕಳಲ್ಲಿ ಒಬ್ಬಳ ಬೆನ್ನು ಹೊರಗಿನಿಂದ ಹೆಚ್ಚು ಕಮ್ಮಿ ನೆಟ್ಟಗೇ ಕಾಣಬಹುದು, ಇನ್ನೊಬ್ಬಳದು ಅಂಗಿಯ ಮೇಲಿಂದಲೂ ಗೊತ್ತಾಗಬಹುದು.

ಈ ಕೋನವನ್ನು ಹೇಗೆ ಅಳೆಯುತ್ತಾರೆ?

ಶಾಲೆಯ ಕೋನಮಾಪಕ ಮತ್ತು ಸ್ಕೇಲ್ ಇದ್ದರೆ ಸಾಕು, ಅಷ್ಟೇ ಸರಳ. ಈಗ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಾರೆ, ಕೆಲಸ ಮಾತ್ರ ಅದೇ.

ಬೆನ್ನುಮೂಳೆ ಅಂದರೆ ಒಂದರ ಮೇಲೊಂದು ಕೂತ ಮೂಳೆಯ ಮಣಿಗಳು. ಮೊದಲು ಬಾಗಿನ ನಡುವಿನ ಮಣಿ ನೋಡಬೇಕು. ನಡುಗೆರೆಯಿಂದ ಅತಿ ದೂರ ಸರಿದಿರುವ ಮಣಿ ಅದು. ಅದು ಸುಮಾರಾಗಿ ಅಡ್ಡಕ್ಕೆ ಸಮವಾಗಿಯೇ ಇರುತ್ತದೆ, ಓರೆಯಾಗಿರುವುದಿಲ್ಲ. ಅಲ್ಲಿಂದ ಮೇಲಕ್ಕೆ ಒಂದೊಂದೇ ಮಣಿ ನೋಡುತ್ತಾ ಹೋದರೆ ಓರೆ ಜಾಸ್ತಿ ಆಗುತ್ತಾ ಬರುತ್ತದೆ, ಒಂದು ಕಡೆ ಅತಿ ಹೆಚ್ಚಾಗಿ ಆಮೇಲೆ ಮತ್ತೆ ಕಡಿಮೆ ಆಗಲು ಶುರುವಾಗುತ್ತದೆ. ಆ ಅತಿ ಓರೆಯಾದ ಮಣಿಯೇ ಮೇಲಿನ ತುದಿ. ಕೆಳಗಡೆಯೂ ಇದೇ ರೀತಿ ಹುಡುಕಿದರೆ ಕೆಳಗಿನ ತುದಿ ಸಿಗುತ್ತದೆ.

ಮೇಲಿನ ತುದಿ ಮಣಿಯ ಮೇಲಂಚಿಗೆ ಒಂದು ಗೆರೆ, ಕೆಳಗಿನ ತುದಿ ಮಣಿಯ ಕೆಳಂಚಿಗೆ ಇನ್ನೊಂದು ಗೆರೆ. ಎರಡೂ ಗೆರೆ ಸೇರುವ ಕೋನವೇ ಕಾಬ್ ಕೋನ. ಫಿಲ್ಮಿನ ಮೇಲೆ ಈ ಗೆರೆಗಳು ಬಹಳ ದೂರ ಹೋಗಿ ಸೇರುತ್ತವೆ, ಅದಕ್ಕೆ ಪ್ರತಿ ಗೆರೆಗೂ ಒಂದು ಲಂಬ ಎಳೆದು ಆ ಲಂಬಗಳ ನಡುವಿನ ಕೋನ ಅಳೆಯುತ್ತಾರೆ, ಉತ್ತರ ಒಂದೇ ಬರುತ್ತದೆ. ಮಣಿಯ ಅಂಚು ಮಸುಕಾಗಿದ್ದರೆ ಎರಡು ಕಣ್ಣುಗಳ ಹಾಗೆ ಕಾಣುವ ಪೆಡಿಕಲ್‌ಗಳನ್ನು ಸೇರಿಸಿ ಗೆರೆ ಹಾಕುವುದೂ ಉಂಟು.

ಇಡೀ ಕೆಲಸದಲ್ಲಿ ಕಷ್ಟ ಇರುವುದು ಒಂದೇ ಕಡೆ, ಯಾವ ಮಣಿ ಅತಿ ಓರೆ ಅಂತ ತೀರ್ಮಾನಿಸುವಲ್ಲಿ. ಅಕ್ಕಪಕ್ಕದ ಎರಡು ಮಣಿಗಳ ಓರೆಯಲ್ಲಿ ವ್ಯತ್ಯಾಸ ಎರಡೋ ಮೂರೋ ಡಿಗ್ರಿ ಇರಬಹುದು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇದನ್ನೊಂದು ನೆನಪಿಡಿ: ಕಾಬ್ ಕೋನ ಅಂದರೆ ಆ ಬಾಗಿನಲ್ಲಿ ಸಿಗುವ ಅತಿ ದೊಡ್ಡ ಕೋನ. ಹಾಗಾಗಿ ಮಣಿ ಆರಿಸುವುದರಲ್ಲಿ ತಪ್ಪಿದರೆ ಬರುವ ಸಂಖ್ಯೆ ಯಾವಾಗಲೂ ಕಡಿಮೆಯೇ ಆಗಿರುತ್ತದೆ.

ಎಕ್ಸ್‌ರೇ ಎಲ್ಲಿ ತೆಗೆಸಿದರೂ ಆಗುತ್ತದಾ?

ಎಲ್ಲಿ ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯ. ನಿಂತುಕೊಂಡೇ ತೆಗೆಯಬೇಕು, ಬರಿಗಾಲಲ್ಲಿ, ಬೆನ್ನಿಗೆ ಹಾಕುವ ಪ್ಲಾಸ್ಟಿಕ್ ಚಿಪ್ಪಿನಂಥ ಬ್ರೇಸ್ ಇಲ್ಲದೆ. ಮಲಗಿಸಿ ತೆಗೆದರೆ ದೇಹದ ಭಾರ ಬೀಳದ ಕಾರಣ ಬಾಗು ಹಲವು ಡಿಗ್ರಿ ಕಡಿಮೆ ಕಾಣುತ್ತದೆ. ಸಣ್ಣ ಸೆಂಟರುಗಳಲ್ಲಿ ಸೊಂಟನೋವಿನ ಎಕ್ಸ್‌ರೇ ತೆಗೆಯುವ ಅಭ್ಯಾಸದಿಂದ ಮಲಗಿಸಿಬಿಡುತ್ತಾರೆ, ನೀವೇ ಹೇಳಬೇಕಾಗುತ್ತದೆ.

ಎಕ್ಸ್‌ರೇ ಕಿರಣ ಬೆನ್ನಿನ ಕಡೆಯಿಂದ ಹೊಕ್ಕು ಎದೆಯ ಕಡೆ ಹೊರಗೆ ಬರುವಂತೆ ನಿಲ್ಲಿಸುವುದು ಸರಿ. ಬೆಳೆಯುವ ಹುಡುಗಿಯರ ಎದೆಗೆ ಬೀಳುವ ವಿಕಿರಣ ಆಗ ತುಂಬಾ ಕಡಿಮೆ. ವರ್ಷಗಟ್ಟಲೆ, ಸುಮಾರು ಆರು ತಿಂಗಳಿಗೊಮ್ಮೆ ತೆಗೆಯಬೇಕಾದ ಎಕ್ಸ್‌ರೇ ಇದು, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಫಿಲ್ಮಿನಲ್ಲಿ ಕುತ್ತಿಗೆಯಿಂದ ಹಿಡಿದು ಸೊಂಟದ ಅಗಲ ಮೂಳೆಯ ಮೇಲಂಚಿನವರೆಗೆ ಎಲ್ಲವೂ ಬರಬೇಕು. ಆ ಸೊಂಟದ ಮೂಳೆ ಕತ್ತರಿಸಿ ಹೋಗಿದ್ದರೆ ಅರ್ಧ ಮಾಹಿತಿ ಹೋದ ಹಾಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಉದ್ದ ಚಿತ್ರಕ್ಕಾಗಿ ಎರಡು ಮೂರು ಸಲ ಹೊಡೆದು ಕಂಪ್ಯೂಟರಿನಲ್ಲಿ ಜೋಡಿಸುವ ಕಡೆ, ನಡುವೆ ಮಗು ಅಲುಗಾಡಿದರೆ ಜೋಡಿಸಿದ ಜಾಗದಲ್ಲಿ ಪಕ್ಕೆಲುಬು ಮುರಿದ ಹಾಗೆ ಕಾಣುತ್ತದೆ. ಅಂಥ ಫಿಲ್ಮಿನಿಂದ ಕೋನ ಅಳೆಯಬಾರದು.

ಮತ್ತೆ, ಸಿಡಿ ಕೇಳಿ ತೆಗೆದುಕೊಳ್ಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರಲ್ಲ, ಅದರಲ್ಲಿ ಅಳೆದದ್ದನ್ನು ನಂಬಬೇಡಿ. ಚಿತ್ರ ಚಿಕ್ಕದಾದರೆ ಕೋನ ಬದಲಾಗುವುದಿಲ್ಲ, ಆದರೆ ಓರೆಯಾಗಿ ಫೋಟೋ ತೆಗೆದರೆ ಬದಲಾಗುತ್ತದೆ.

ಎಕ್ಸ್‌ರೇಯಲ್ಲಿ ಬಲಕ್ಕೆ ಬಾಗಿದ್ದು, ಡಾಕ್ಟರು ತೋರಿಸುವಾಗ ಎಡಕ್ಕೆ ಕಾಣುತ್ತಿತ್ತು. ಯಾರದ್ದು ತಪ್ಪು?

ಯಾರದ್ದೂ ಅಲ್ಲ. ಎದೆಯ ಎಕ್ಸ್‌ರೇಯನ್ನು ರೋಗಿ ನಮ್ಮೆದುರು ನಿಂತ ಹಾಗೆ ನೋಡುತ್ತಾರೆ. ಬೆನ್ನುಮೂಳೆಯ ಸರ್ಜನ್‌ಗಳು ಮಗುವಿನ ಹಿಂದೆ ನಿಂತು ನೋಡಿದ ಹಾಗೆ ಹಿಡಿಯುತ್ತಾರೆ, ಯಾಕೆಂದರೆ ಅವರು ಕೆಲಸ ಮಾಡುವುದು ಹಿಂದಿನಿಂದ. ಫಿಲ್ಮಿನ ಮೂಲೆಯ ಗುರುತು ಮತ್ತು ಹೃದಯದ ನೆರಳು ನೋಡಿದರೆ ಗೊಂದಲ ಇರುವುದಿಲ್ಲ. ಎದೆ ಭಾಗದ ಬಾಗು ಸಾಮಾನ್ಯವಾಗಿ ಬಲಕ್ಕೇ ಇರುತ್ತದೆ. ನಿಜವಾಗಿಯೂ ಎಡಕ್ಕಿದ್ದರೆ ಡಾಕ್ಟರು ಎಂಆರ್‌ಐ ಮಾಡಿಸಲು ಹೇಳಬಹುದು.

ಆರು ತಿಂಗಳಲ್ಲಿ 22 ಇದ್ದದ್ದು 29 ಆಯಿತು! ಇಷ್ಟು ಬೇಗ ಜಾಸ್ತಿ ಆಗುತ್ತದಾ?

ಆಗಬಹುದು. ಆಗದೆಯೂ ಇರಬಹುದು. ಒಂದು ಉದಾಹರಣೆ ಪೂರ್ತಿ ನೋಡೋಣ. ಇದು ಒಬ್ಬಳದೇ ಕಥೆಯಲ್ಲ, ನಾನು ನೋಡುವ ಹಲವರದ್ದನ್ನು ಸೇರಿಸಿ ಮಾಡಿದ್ದು.

ಹುಡುಗಿಗೆ 12 ವರ್ಷ. ಯಕ್ಷಗಾನ ಕಲಿಯುತ್ತಾಳೆ. ಕಲೋತ್ಸವಕ್ಕೆ ವೇಷ ಕಟ್ಟುವಾಗ ಒಂದು ಭುಜ ಮೇಲೆ ಇದೆ ಅಂತ ಕಟ್ಟುವವರೇ ಮೊದಲು ಗಮನಿಸಿದ್ದು. ಊರಿನ ಹತ್ತಿರದ ಸೆಂಟರಿನಲ್ಲಿ ತೆಗೆಸಿದ ಮೊದಲ ಎಕ್ಸ್‌ರೇಯ ರಿಪೋರ್ಟು: ಎದೆ ಭಾಗದ ಮಣಿಗಳಾದ ಟಿ6ರಿಂದ ಟಿ11, ಬಲಬದಿಗೆ 22 ಡಿಗ್ರಿ. ಆರು ತಿಂಗಳ ನಂತರ ಮಂಗಳೂರಿನಲ್ಲಿ ತೆಗೆದದ್ದು: ಟಿ5ರಿಂದ ಟಿ12, 29 ಡಿಗ್ರಿ. ಮನೆಯವರಿಗೆ 7 ಡಿಗ್ರಿ ಜಾಸ್ತಿ ಆಯಿತೆಂಬ ಗಾಬರಿ.

ಮಣಿಗಳ ಹೆಸರು ಗಮನಿಸಿದಿರಾ? ಎರಡು ರಿಪೋರ್ಟುಗಳೂ ಬೇರೆ ಬೇರೆ ಮಣಿಗಳಿಂದ ಅಳೆದಿವೆ. ಹಳೆಯ ಫಿಲ್ಮನ್ನು ಮತ್ತೆ ತೆಗೆದು ಟಿ5ರಿಂದ ಟಿ12ಕ್ಕೆ ಅಳೆದರೆ 26 ಬಂತು. ಹಾಗಾದರೆ ನಿಜವಾದ ವ್ಯತ್ಯಾಸ 3 ಡಿಗ್ರಿ ಅಷ್ಟೇ.

3 ಡಿಗ್ರಿ ಅಂದರೆ ಏನೂ ಹೇಳಲಾಗದು. ಒಬ್ಬರೇ ಡಾಕ್ಟರು ಒಂದೇ ಫಿಲ್ಮನ್ನು ಎರಡು ಸಲ ಅಳೆದರೂ 3ರಿಂದ 5 ಡಿಗ್ರಿ ಆಚೀಚೆ ಆಗುತ್ತದೆ. ಇಬ್ಬರು ಅಳೆದರೆ ಇನ್ನೂ ಸ್ವಲ್ಪ. ಬೆಳಿಗ್ಗೆ ಎದ್ದ ಕೂಡಲೇ ತೆಗೆದದ್ದಕ್ಕೂ ಸಂಜೆ ತೆಗೆದದ್ದಕ್ಕೂ ಹಲವು ಡಿಗ್ರಿ ವ್ಯತ್ಯಾಸ ಇರುತ್ತದೆ, ದಿನವಿಡೀ ನಿಂತು ಕೂತು ಸಂಜೆಗೆ ಬಾಗು ಜಾಸ್ತಿ. ಅದಕ್ಕೇ 5 ಡಿಗ್ರಿಗಿಂತ ಜಾಸ್ತಿ ಬದಲಾದರೆ ಮಾತ್ರ, ಅದೂ ಅದೇ ಮಣಿಗಳಿಂದ ಅಳೆದಾಗ, ಬಾಗು ಏರಿದೆ ಅಂತ ಹೇಳುವುದು.

ಅಂದರೆ ಆ ಹುಡುಗಿಗೆ ಜಾಸ್ತಿ ಆಗಿಲ್ಲ, ಚಿಂತೆ ಬೇಡ, ಅಲ್ವಾ?

ಇಲ್ಲಿ ಎಲ್ಲರೂ ಎಡವುತ್ತಾರೆ. ಏರಿದೆಯೋ ಇಲ್ಲವೋ ಎಂಬುದು ಇವಳ ವಿಷಯದಲ್ಲಿ ಮುಖ್ಯವೇ ಅಲ್ಲ. 26 ಆಗಲಿ 29 ಆಗಲಿ, ಎರಡೂ ಬ್ರೇಸ್ ಯೋಚಿಸುವ 25ರ ಮೇಲೆ ಇವೆ, ಮತ್ತು ಅವಳು ಭರದಿಂದ ಬೆಳೆಯುತ್ತಿದ್ದಾಳೆ. ಆರು ತಿಂಗಳಲ್ಲಿ ಎತ್ತರ 148ರಿಂದ 152 ಸೆಂಟಿಮೀಟರಿಗೆ ಹೋಗಿದೆ. ಇನ್ನೂ ಮೈನೆರೆದಿಲ್ಲ. ಸೊಂಟದ ಮೂಳೆಯಲ್ಲಿ ರಿಸ್ಸರ್ 0. ಅಂದರೆ ಮೊದಲನೇ ಎಕ್ಸ್‌ರೇ ದಿನವೇ ಅವಳು ಬ್ರೇಸಿನ ಅಳತೆಯೊಳಗೆ ಇದ್ದಳು. ತಪ್ಪು ಮಣಿಯಿಂದ ಬಂದ 22ನ್ನು ನೋಡಿ "ಸುಮ್ನೆ ಕಾಯೋಣ" ಅಂತ ಆರು ತಿಂಗಳು ಹೋಯಿತು.

ಸರಿ ಅಳೆದಾಗ ಗಾಬರಿ ಕಡಿಮೆ ಆಯಿತು, ಚಿಕಿತ್ಸೆ ಮಾತ್ರ ಬೇಗ ಬೇಕಾಯಿತು. ವಿಚಿತ್ರ ಅನಿಸಬಹುದು, ಆದರೆ ಲೆಕ್ಕ ಹಾಗೇ ಇರುವುದು.

ರಿಸ್ಸರ್ ಅಂದರೆ ಎಂತ?

ಸೊಂಟದ ಅಗಲ ಮೂಳೆಯ ಮೇಲಂಚಿನಲ್ಲಿ ಬೆಳವಣಿಗೆಯ ಕಾಲದಲ್ಲಿ ಒಂದು ತೆಳ್ಳಗಿನ ಮೂಳೆಪಟ್ಟಿ ಮೂಡುತ್ತದೆ. ಹೊರಬದಿಯಿಂದ ಶುರುವಾಗಿ ಒಳಗೆ ಹರಿದು ಕೊನೆಗೆ ಮೂಳೆಗೆ ಅಂಟಿಕೊಳ್ಳುತ್ತದೆ. ಏನೂ ಕಾಣದಿದ್ದರೆ 0. ಕಾಲು ಭಾಗ ಮೂಡಿದರೆ 1, ಅರ್ಧ ಆದರೆ 2, ಮುಕ್ಕಾಲು 3, ಪೂರ್ತಿ ಆವರಿಸಿದರೆ 4, ಅಂಟಿಕೊಂಡುಬಿಟ್ಟರೆ 5. ಬೆನ್ನಿನ ಎಕ್ಸ್‌ರೇಯಲ್ಲೇ ಇದು ಸಿಗುತ್ತದೆ, ಸೊಂಟದ ಮೂಳೆ ಪೂರ್ತಿ ಬರಬೇಕು ಅಂದದ್ದು ಇದಕ್ಕೇ.

ಇದರ ದೊಡ್ಡ ದೋಷ ಎಂದರೆ ಮಗು ಅತಿ ವೇಗವಾಗಿ ಬೆಳೆಯುವ ಕಾಲ ಹೆಚ್ಚಾಗಿ ರಿಸ್ಸರ್ 0 ಇರುವಾಗಲೇ ಬಂದು ಹೋಗಿರುತ್ತದೆ. 0 ಅಂದರೆ ಇನ್ನೂ ಬೆಳವಣಿಗೆ ಶುರುವಾಗಿಲ್ಲ ಎಂದೂ ಇರಬಹುದು, ತುದಿಗೆ ಮುಟ್ಟಿದೆ ಎಂದೂ ಇರಬಹುದು. ಹಾಗಾಗಿ ಕೆಲವು ಡಾಕ್ಟರು ಎಡಗೈಯ ಎಕ್ಸ್‌ರೇ ತೆಗೆಸಿ ಬೆರಳ ಮೂಳೆಗಳಿಂದ ಸ್ಯಾಂಡರ್ಸ್ ಹಂತ ನೋಡುತ್ತಾರೆ, ಅದು ಹೆಚ್ಚು ನಿಖರ. ಖರ್ಚಿಲ್ಲದ ಎರಡು ಮಾಹಿತಿ ನಿಮ್ಮ ಹತ್ತಿರವೇ ಇವೆ: ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆದ ಎತ್ತರ, ಮತ್ತು ಮೊದಲ ಮುಟ್ಟಿನ ತಾರೀಕು. ಡಾಕ್ಟರ ಹತ್ತಿರ ಹೋಗುವಾಗ ಎರಡನ್ನೂ ಬರೆದುಕೊಂಡು ಹೋಗಿ. ಅಪ್ಪ ಜೊತೆಗೆ ಹೋದಾಗ ಈ ಎರಡನೆಯ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಅಮ್ಮನಿಗೆ ಫೋನ್ ಮಾಡಿ ಕೇಳಬೇಕಾಗುತ್ತದೆ.

ಬ್ರೇಸ್ ಯಾವಾಗ ಹಾಕುತ್ತಾರೆ?

ಸಾಮಾನ್ಯವಾಗಿ ಇಟ್ಟುಕೊಂಡಿರುವ ಅಳತೆ ಹೀಗೆ: ವಯಸ್ಸು 10 ಅಥವಾ ಮೇಲೆ, ಬಾಗು 25ರಿಂದ 40 ಡಿಗ್ರಿ, ರಿಸ್ಸರ್ 0ರಿಂದ 2, ಹುಡುಗಿಯಾದರೆ ಇನ್ನೂ ಮುಟ್ಟಾಗಿಲ್ಲ ಅಥವಾ ಆಗಿ ಒಂದು ವರ್ಷದೊಳಗೆ. 20ರಿಂದ 25ರ ನಡುವೆ ಇದ್ದು, ಕಣ್ಣೆದುರೇ 5 ಡಿಗ್ರಿಗಿಂತ ಜಾಸ್ತಿ ಏರಿದರೆ ಕೆಲವರು ಆಗಲೇ ಶುರು ಮಾಡುತ್ತಾರೆ. 20ಕ್ಕಿಂತ ಕಡಿಮೆ ಇದ್ದರೆ ನೋಡುತ್ತಾ ಇರುವುದು ಅಷ್ಟೇ, ಬೆಳೆಯುವ ಮಗುವಾದರೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ.

ಬೆಳವಣಿಗೆಗೆ ಇಷ್ಟು ಬೆಲೆ ಯಾಕೆ ಅಂತ ತಿಳಿಯಲು 1984ರ ಒಂದು ಹಳೆಯ ಅಮೆರಿಕನ್ ಅಧ್ಯಯನದ ಲೆಕ್ಕ ನೋಡಿದರೆ ಸಾಕು. ಬಾಗು 20ರಿಂದ 29 ಡಿಗ್ರಿ ಇದ್ದ ಮಕ್ಕಳಲ್ಲಿ, ರಿಸ್ಸರ್ 0-1 ಇದ್ದವರ ಪೈಕಿ ನೂರಕ್ಕೆ 68 ಮಂದಿಗೆ ಬಾಗು ಏರಿತು. ಅದೇ ಬಾಗು, ರಿಸ್ಸರ್ 2ರಿಂದ 4 ಇದ್ದವರಲ್ಲಿ ಏರಿದ್ದು ನೂರಕ್ಕೆ 23 ಮಂದಿಗೆ.

ದೊಡ್ಡಮ್ಮನ ಮಗಳಿಗೆ 33 ಡಿಗ್ರಿ, ಅವಳಿಗೆ ಬೆಲ್ಟ್ ಬೇಡ ಅಂದರು. ನನ್ನ ಮಗಳಿಗೆ 29ಕ್ಕೇ ಬೆಲ್ಟ್. ಎಂತ ಲೆಕ್ಕ ಇದು?

ದೊಡ್ಡಮ್ಮನ ಮಗಳಿಗೆ 16 ವರ್ಷ, ಮುಟ್ಟಾಗಿ ಮೂರು ವರ್ಷ ಕಳೆದಿದೆ, ರಿಸ್ಸರ್ 4, ವರ್ಷದಿಂದ ಎತ್ತರ ಏರಿಲ್ಲ. ಬ್ರೇಸ್ ಬಾಗನ್ನು ನೆಟ್ಟಗೆ ಮಾಡುವ ಸಾಧನ ಅಲ್ಲ, ಬೆಳವಣಿಗೆಯ ಕಾಲದಲ್ಲಿ ಅದು ಮುಂದೆ ಹೋಗದಂತೆ ಹಿಡಿಯುವ ಸಾಧನ. ಬೆಳವಣಿಗೆಯೇ ನಿಂತ ಮೇಲೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಅವಳಿಗೆ ಬ್ರೇಸ್ ಹಾಕಿದರೆ ಬೆವರು ಮತ್ತು ಬೇಸರ ಮಾತ್ರ ಲಾಭ. ನಡುನಡುವೆ ಒಂದು ಎಕ್ಸ್‌ರೇ ತೆಗೆದು ನೋಡುತ್ತಿದ್ದರೆ ಆಯಿತು. ಬೆಳವಣಿಗೆ ಮುಗಿದಾಗ 30ರೊಳಗೆ ಇರುವ ಬಾಗು ಮುಂದೆ ಏರುವುದು ಅಪರೂಪ. 30 ದಾಟಿದ್ದು ವರ್ಷಗಳಲ್ಲಿ ನಿಧಾನಕ್ಕೆ ಸ್ವಲ್ಪ ಏರಬಹುದು.

ಮನೆಯಲ್ಲಿ ಕೂತು ಡಿಗ್ರಿ ಮಾತ್ರ ಹೋಲಿಸುವುದು ಬಿಡಬೇಕು. ವಯಸ್ಸು, ಮುಟ್ಟು, ರಿಸ್ಸರ್ ಪಕ್ಕದಲ್ಲಿ ಇಲ್ಲದಿದ್ದರೆ ಆ ಡಿಗ್ರಿಯಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ.

ಬ್ರೇಸ್ ನಿಜವಾಗಿ ಕೆಲಸ ಮಾಡುತ್ತದಾ?

ಮಾಡುತ್ತದೆ, ಹಾಕಿಕೊಂಡರೆ. 2013ರಲ್ಲಿ ಪ್ರಕಟವಾದ ಬ್ರೈಸ್ಟ್ ಎಂಬ ಅಧ್ಯಯನಕ್ಕೆ ಮೊದಲು ಡಾಕ್ಟರುಗಳಲ್ಲೇ ಈ ಬಗ್ಗೆ ಒಮ್ಮತ ಇರಲಿಲ್ಲ. ಅದರಲ್ಲಿ, ಬೆಳವಣಿಗೆ ಮುಗಿಯುವಾಗ ಬಾಗು 50 ಡಿಗ್ರಿ ಮುಟ್ಟದೆ ಉಳಿದವರು ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72, ಹಾಕದವರಲ್ಲಿ 48. ಲಾಭ ಸ್ಪಷ್ಟವಾಗಿದ್ದ ಕಾರಣ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಹಾಕದವರಲ್ಲೂ ಹೆಚ್ಚು ಕಮ್ಮಿ ಅರ್ಧ ಮಂದಿ ಚೆನ್ನಾಗಿಯೇ ಉಳಿದರು ನೋಡಿ. ಅಂದರೆ ಬ್ರೇಸ್ ಹಾಕಿದ ಕೆಲವರಿಗೆ ಅದು ಬೇಕೇ ಇರಲಿಲ್ಲ. ಯಾರಿಗೆ ಬೇಕಿರಲಿಲ್ಲ ಅಂತ ಮೊದಲೇ ಖಚಿತವಾಗಿ ಹೇಳುವ ದಾರಿ ಇಲ್ಲ.

ಅದೇ ಅಧ್ಯಯನದಲ್ಲಿ ಬ್ರೇಸಿನೊಳಗೆ ಉಷ್ಣತೆ ಅಳೆಯುವ ಪುಟ್ಟ ಯಂತ್ರ ಇಟ್ಟಿದ್ದರು. ದಿನಕ್ಕೆ 18 ಗಂಟೆ ಹಾಕಲು ಹೇಳಿದ್ದು. ನಿಜವಾಗಿ ಹಾಕಿದ್ದು ಎಷ್ಟು ಅಂತ ಆ ಯಂತ್ರದಿಂದ ಗೊತ್ತಾಯಿತು. ಸರಾಸರಿ 13 ಗಂಟೆ ಅಥವಾ ಹೆಚ್ಚು ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಫಲ ಸಿಕ್ಕಿತು. 6 ಗಂಟೆಗಿಂತ ಕಡಿಮೆ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಇರಲಿಲ್ಲ.

ನಮ್ಮ ಈ ಸೆಕೆಯಲ್ಲಿ 18 ಗಂಟೆ ಹೇಗೆ ಹಾಕುವುದು?

ಕಷ್ಟ ಉಂಟು, ಸುಳ್ಳು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯಲ್ಲಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕೂರುವುದು ಯಾರಿಗೂ ಹಿತ ಅಲ್ಲ.

ಬಿಗಿಯಾದ, ಪಕ್ಕದಲ್ಲಿ ಹೊಲಿಗೆ ಇಲ್ಲದ ಹತ್ತಿ ಬನಿಯನ್ ಒಳಗೆ ಬೇಕೇ ಬೇಕು. ಬ್ರೇಸಿನ ಒಳಗೆ ಬಟ್ಟೆ ಮಡಿಕೆ ಬೀಳಬಾರದು, ಮಡಿಕೆ ಬಿದ್ದಲ್ಲೇ ಚರ್ಮ ಕೆಂಪಾಗುವುದು. ದಿನಕ್ಕೆ ಎರಡು ಮೂರು ಬನಿಯನ್ ಬದಲಾಯಿಸಿ. ಮಳೆಗಾಲದಲ್ಲಿ ಒಣಗುವುದಿಲ್ಲ, ಹಾಗಾಗಿ ಹೆಚ್ಚು ಇಟ್ಟುಕೊಳ್ಳಿ. ಬ್ರೇಸಿನ ಕೆಳಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಚರ್ಮ ಮೆತ್ತಗಾಗಿ ಬೇಗ ಒಡೆಯುತ್ತದೆ. ತೆಗೆದಾಗ ಕಾಣುವ ಕೆಂಪು ಅರ್ಧ ಗಂಟೆಯಲ್ಲಿ ಹೋದರೆ ಸರಿ. ಹೋಗದಿದ್ದರೆ ಅಥವಾ ಗುಳ್ಳೆ ಎದ್ದರೆ ಬ್ರೇಸ್ ಮಾಡಿದವರ ಹತ್ತಿರ ಹೋಗಿ ಸರಿ ಮಾಡಿಸಿ. ಮನೆಯಲ್ಲೇ ಸ್ಪಂಜು ತುರುಕಬೇಡಿ, ಒತ್ತಡದ ಜಾಗವೇ ಬದಲಾಗಿಬಿಡುತ್ತದೆ.

ಗಂಟೆಯ ಲೆಕ್ಕವನ್ನು ರಾತ್ರಿಯಿಂದ ಶುರು ಮಾಡಿ. ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಹಾಕಿದರೆ ಆಗಲೇ 11 ಗಂಟೆ. ಶಾಲೆಗೆ 10ರಿಂದ 4ರವರೆಗೆ ಹಾಕಿಕೊಂಡು ಹೋದರೆ 17. ಸಂಜೆ ಯಕ್ಷಗಾನ ತರಗತಿ, ಆಟ, ಸ್ನಾನ ಎಲ್ಲಕ್ಕೂ ತೆಗೆದಿಡಬಹುದು. ಕುಣಿಯುವುದನ್ನು ಬಿಡಿಸುವ ಅಗತ್ಯ ಖಂಡಿತ ಇಲ್ಲ. ಶಾಲೆಗೆ ಹಾಕಲು ಮಗು ಒಪ್ಪುವುದೇ ಇಲ್ಲ ಅಂದರೆ ಜಗಳ ಮಾಡುವ ಬದಲು ಡಾಕ್ಟರ ಹತ್ತಿರ ನೇರ ಹೇಳಿ. ಹಾಕಿದ್ದೇವೆ ಅಂತ ಸುಳ್ಳು ಹೇಳಿದರೆ, ಬಾಗು ಏರಿದಾಗ ಬ್ರೇಸೇ ಸರಿ ಇಲ್ಲ ಅಂತ ತಪ್ಪು ತೀರ್ಮಾನ ಆಗುತ್ತದೆ.

ಬ್ರೇಸ್ ಸರಿಯಾಗಿ ಕೂತಿದೆ ಅಂತ ಹೇಗೆ ತಿಳಿಯುವುದು?

ಬ್ರೇಸ್ ಸಿಕ್ಕಿ ಒಂದು ತಿಂಗಳ ಆಸುಪಾಸಿನಲ್ಲಿ ಅದನ್ನು ಹಾಕಿಕೊಂಡೇ ಒಂದು ಎಕ್ಸ್‌ರೇ ತೆಗೆಯುತ್ತಾರೆ. ಬಾಗು ಅದರಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದರೆ ಬಹಳ ಒಳ್ಳೆಯದು. ನಮ್ಮ ಉದಾಹರಣೆಯ ಹುಡುಗಿಗೆ 29 ಇದ್ದದ್ದು ಬ್ರೇಸಿನೊಳಗೆ 15 ಆಯಿತು. 29 ಇದ್ದದ್ದು 26 ಮಾತ್ರ ಆಗಿದ್ದರೆ ಬ್ರೇಸನ್ನೇ ಮತ್ತೆ ನೋಡಬೇಕು, ಪ್ಯಾಡ್ ತಪ್ಪು ಮಣಿಯ ಮಟ್ಟದಲ್ಲಿ ಇರಬಹುದು ಅಥವಾ ಪಟ್ಟಿ ಸಡಿಲ ಇರಬಹುದು.

ಈ 15ನ್ನು ನೋಡಿ "ವಾಸಿ ಆಯಿತು" ಅಂದುಕೊಳ್ಳುವವರು ಉಂಟು. ಬ್ರೇಸ್ ತೆಗೆದರೆ ಬಾಗು ಹೆಚ್ಚಿನಂಶ ಮೊದಲಿನ ಜಾಗಕ್ಕೇ ಬರುತ್ತದೆ. ಬೆಳವಣಿಗೆ ಮುಗಿಯುವಾಗ 29 ಇದ್ದದ್ದು 30ರ ಆಸುಪಾಸಿನಲ್ಲೇ ನಿಂತರೆ ಅದೇ ಗೆಲುವು. ಬೆಲೆಯಲ್ಲೂ ಮಾದರಿಯಲ್ಲೂ ಬೋಸ್ಟನ್, ಶೆನೋ ಅಂತ ಬೇರೆ ಬೇರೆ ಉಂಟು, ಆದರೆ ಹೆಸರಿಗಿಂತ ಈ ಬ್ರೇಸಿನೊಳಗಿನ ಎಕ್ಸ್‌ರೇಯನ್ನೇ ನಾನು ಜಾಸ್ತಿ ನಂಬುತ್ತೇನೆ.

ಬಿಡುವುದು ಯಾವಾಗ? ಎತ್ತರ ಏರುವುದು ನಿಂತು, ರಿಸ್ಸರ್ 4 ಆಗಿ, ಮುಟ್ಟಾಗಿ ಎರಡು ವರ್ಷ ಆದ ಮೇಲೆ. ಹುಡುಗರಿಗೆ ಇನ್ನೂ ತಡ.

ಎಣ್ಣೆ ಹಾಕಿ ತಿಕ್ಕಿಸಿದ್ದರಿಂದ ನಮ್ಮ ಮಗನಿಗೆ 4 ಡಿಗ್ರಿ ಇಳಿಯಿತಲ್ಲ?

4 ಡಿಗ್ರಿ ಅಳತೆಯ ತಪ್ಪಿನೊಳಗೇ ಬರುತ್ತದೆ. ಬೆಳಿಗ್ಗೆ ತೆಗೆಸಿದ ಫಿಲ್ಮಿಗೂ 4 ಇಳಿಯುತ್ತದೆ, ಮಲಗಿಸಿ ತೆಗೆದರೆ ಇನ್ನೂ ಜಾಸ್ತಿ. ತಿಕ್ಕಿಸಿಕೊಂಡರೆ ಮೈ ಹಗುರ ಆಗಬಹುದು, ಬೇಡ ಅನ್ನುವುದಿಲ್ಲ. ಅದಕ್ಕಾಗಿ ಬ್ರೇಸಿನ ಕಾಲ ಕಳೆದುಕೊಳ್ಳಬೇಡಿ.

ನಾನು ಮಾಡಿಸುವ ವ್ಯಾಯಾಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶ್ರೋತ್ ತರಹದ ವ್ಯಾಯಾಮಗಳಿಂದ ನಿಲುವು, ಉಸಿರಾಟ, ಸ್ನಾಯುಗಳ ಬಲ ಚೆನ್ನಾಗುತ್ತದೆ. ಬೆಳೆಯುವ ಮಗುವಿಗೆ 30 ಡಿಗ್ರಿ ಇರುವಾಗ ಬ್ರೇಸಿನ ಜೊತೆಗೆ ಮಾಡಿಸುತ್ತೇನೆ, ಬ್ರೇಸಿನ ಬದಲಿಗೆ ಅಲ್ಲ.

ಭಾರದ ಬ್ಯಾಗಿನಿಂದ ಬಂತಾ?

ಇಲ್ಲ. ಕೂರುವ ರೀತಿಯಿಂದಲೂ ಅಲ್ಲ.

ಆಪರೇಷನ್ ಎಷ್ಟು ಡಿಗ್ರಿಗೆ?

ಬೆಳವಣಿಗೆ ಮುಗಿದವರಲ್ಲಿ ಎದೆ ಭಾಗದ ಬಾಗು 50 ದಾಟಿದ್ದರೆ, ಇನ್ನೂ ಬೆಳೆಯುವ ಮಕ್ಕಳಲ್ಲಿ 45ರಿಂದ 50 ಮುಟ್ಟಿದರೆ ಆಪರೇಷನ್ ಮಾತು ಬರುತ್ತದೆ. 50 ಎಂಬುದು ಎಲ್ಲಿಂದ ಬಂತೆಂದರೆ, ಅಮೆರಿಕದ ಅಯೋವಾದಲ್ಲಿ ಚಿಕಿತ್ಸೆ ಇಲ್ಲದ ರೋಗಿಗಳನ್ನು ದಶಕಗಳ ಕಾಲ ಗಮನಿಸಿದಾಗ, ಬೆಳವಣಿಗೆ ಮುಗಿದ ಮೇಲೂ 50 ದಾಟಿದ ಎದೆ ಭಾಗದ ಬಾಗು ವರ್ಷಕ್ಕೆ ಸುಮಾರು 1 ಡಿಗ್ರಿಯಂತೆ ಏರುತ್ತಾ ಹೋಯಿತು. ಅಂದರೆ 16ರಲ್ಲಿ 52 ಇದ್ದವಳಿಗೆ 40ರ ಹೊತ್ತಿಗೆ 70ರ ಆಚೆ ಹೋಗುವ ಸಂಭವ ಉಂಟು. 70-80 ದಾಟಿದಾಗ ಶ್ವಾಸಕೋಶದ ಶಕ್ತಿಯೂ ಕುಂದತೊಡಗುತ್ತದೆ. 30 ಡಿಗ್ರಿಗೆ ಉಸಿರಿಗೆ ಏನೂ ಆಗುವುದಿಲ್ಲ, ಆ ಭಯ ಬೇಡ.

ಸೊಂಟ ಭಾಗದ ಬಾಗಿನಲ್ಲಿ 40-45ಕ್ಕೇ ಯೋಚಿಸುವುದುಂಟು, ಮುಂಡವೇ ಒಂದು ಬದಿಗೆ ಸರಿದು ನಿಂತಿದ್ದರೆ.

48 ಬಂದಿದೆ. ಎರಡು ಡಿಗ್ರಿಗೆ ಕಾಯಬೇಕಾ?

48 ಅಂದರೆ ನಿಜದಲ್ಲಿ 43ರಿಂದ 53ರ ನಡುವೆ ಎಲ್ಲಿಯಾದರೂ ಇರಬಹುದು. ಹಾಗಾಗಿ 49ಕ್ಕೆ ಬೇಡ, 50ಕ್ಕೆ ಬೇಕು ಎಂಬ ಬಾಗಿಲು ಅಲ್ಲ ಅದು. ಡಾಕ್ಟರು ನೋಡುವುದು ಹಳೆಯ ಫಿಲ್ಮುಗಳನ್ನು: ಅದೇ ಮಣಿಗಳಿಂದ ಅಳೆದಾಗ 36, 42, 48 ಅಂತ ಏರಿದ್ದರೆ ಒಂದು ಮಾತು, ಒಂದೂವರೆ ವರ್ಷದಿಂದ 47, 48, 47 ಅಂತ ನಿಂತಿದ್ದರೆ ಇನ್ನೊಂದು. ಎಷ್ಟು ಬೆಳವಣಿಗೆ ಉಳಿದಿದೆ, ಭುಜ-ಮುಂಡ ಎಷ್ಟು ಓರೆ, ಮತ್ತು ಮಗು ತನ್ನ ಬೆನ್ನಿನ ಬಗ್ಗೆ ಎಂತ ಹೇಳುತ್ತಾಳೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತುರ್ತು ಆಪರೇಷನ್ ಅಲ್ಲ ಇದು, ಪರೀಕ್ಷೆ ಮುಗಿಯುವವರೆಗೆ ಕಾಯಬಹುದಾ ಅಂತ ಧೈರ್ಯವಾಗಿ ಕೇಳಿ, ಹೆಚ್ಚಿನ ಸಲ ಹೌದು ಅನ್ನುತ್ತಾರೆ. ಇನ್ನೊಬ್ಬ ಸರ್ಜನ್ ಹತ್ತಿರ ತೋರಿಸಿದರೂ ಯಾರೂ ಬೇಸರಪಡುವುದಿಲ್ಲ.

ಆಪರೇಷನಿನಲ್ಲಿ ಎಂತ ಮಾಡುತ್ತಾರೆ?

ಹೆಚ್ಚಾಗಿ ಬೆನ್ನಿನ ಹಿಂದಿನಿಂದ ತೆರೆದು, ಬಾಗಿನ ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ರಾಡ್ ಜೋಡಿಸಿ ನೆಟ್ಟಗೆ ಮಾಡಿ, ಆ ಮಣಿಗಳು ಒಂದಕ್ಕೊಂದು ಅಂಟಿ ಬೆಳೆಯುವಂತೆ ಮೂಳೆ ಚೂರು ಇಡುತ್ತಾರೆ. ಮೊದಲೇ ಮಗುವನ್ನು ಎಡಕ್ಕೂ ಬಲಕ್ಕೂ ಬಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ಬಗ್ಗಿಸಿದಾಗಲೂ 25ರ ಕೆಳಗೆ ಇಳಿಯದ ಬಾಗು ಗಟ್ಟಿಯಾದದ್ದು, ಅದನ್ನು ಸೇರಿಸಿ ಜೋಡಿಸಬೇಕು. ಚೆನ್ನಾಗಿ ಇಳಿಯುವುದನ್ನು ಸಾಮಾನ್ಯವಾಗಿ ಹಾಗೇ ಬಿಡಬಹುದು. ಎಷ್ಟು ಮಣಿ ಉಳಿಯುತ್ತವೋ ಅಷ್ಟು ಬಾಗುವ ಶಕ್ತಿ ಉಳಿಯುತ್ತದೆ, ಮುಖ್ಯವಾಗಿ ಸೊಂಟದ ಕಡೆ.

ಕಾಲಿನ ಬಲ ಹೋಗುತ್ತದಾ ಎಂಬುದು ಎಲ್ಲರ ಭಯ. ಆಪರೇಷನ್ ನಡೆಯುವಾಗಲೇ ಬೆನ್ನುಹುರಿಯ ಸಂಕೇತಗಳನ್ನು ಯಂತ್ರದಲ್ಲಿ ನೋಡುತ್ತಾ ಇರುತ್ತಾರೆ, ಸಂಕೇತ ಕುಂದಿದರೆ ಎಳೆದದ್ದನ್ನು ಅಲ್ಲೇ ಸಡಿಲಿಸುತ್ತಾರೆ. ನರಕ್ಕೆ ಪೆಟ್ಟಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ. ಸೋಂಕು, ಮೂಳೆ ಅಂಟದೆ ರಾಡ್ ಮುರಿಯುವುದು, ಮತ್ತೆ ಆಪರೇಷನ್ ಬೇಕಾಗುವುದು ಇವೂ ಉಂಟು. ಆ ಯಂತ್ರ ನಿಮ್ಮ ಆಸ್ಪತ್ರೆಯಲ್ಲಿ ಬಳಸುತ್ತಾರಾ ಅಂತ ಮೊದಲೇ ಕೇಳಿ.

ಸಾಮಾನ್ಯವಾಗಿ ಒಂದು ವಾರದೊಳಗೆ ಮನೆಗೆ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ಶಾಲೆಗೆ. ಕುಣಿತ, ಜಿಗಿತಕ್ಕೆ ಆರು ತಿಂಗಳಿಂದ ಒಂದು ವರ್ಷ, ಸರ್ಜನ್ ಹೇಳಿದ ಮೇಲೆ. ಕೇರಳದ ಆರೋಗ್ಯ ವಿಮೆ ಕಾರ್ಡು ಇದ್ದವರು ಅದು ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ತಾರೀಕು ಹಾಕಿಸುವ ಮೊದಲು ವಿಮೆ ಕೌಂಟರಿನಲ್ಲಿ ವಿಚಾರಿಸಿ.

ಎಲ್ಲರಿಗೂ ಎಂಆರ್‌ಐ ಬೇಕಾ?

ಬೇಡ. ರಾತ್ರಿ ಎಬ್ಬಿಸುವಷ್ಟು ನೋವು, ಕಾಲಿನಲ್ಲಿ ಬಲ ಕಡಿಮೆ ಅಥವಾ ಮರಗಟ್ಟುವಿಕೆ, ಮೂತ್ರದ ತೊಂದರೆ, ಎದೆ ಭಾಗದಲ್ಲಿ ಎಡಕ್ಕೆ ಬಾಗು, ತಿಂಗಳಿಂದ ತಿಂಗಳಿಗೆ ಓಡುವ ಹಾಗೆ ಏರುವ ಬಾಗು, ಇಂಥವು ಇದ್ದರೆ ಬೇಕು. ಆಗ ಬೆನ್ನುಹುರಿಯಲ್ಲೇ ಏನಾದರೂ ಇರಬಹುದು. ಇವುಗಳಲ್ಲಿ ಮೊದಲ ಮೂರರಲ್ಲಿ ಯಾವುದು ಕಂಡರೂ ಆರು ತಿಂಗಳ ಮುಂದಿನ ತಾರೀಕಿಗೆ ಕಾಯಬೇಡಿ, ಆ ವಾರವೇ ತೋರಿಸಿ.

ಮುಂದಿನ ಸಲ ಎಕ್ಸ್‌ರೇಗೆ ಹೋಗುವಾಗ ಎಂತ ಕೇಳಬೇಕು?

ಹಳೆಯ ಸಿಡಿಯನ್ನು ಜೊತೆಗೆ ಒಯ್ಯಿರಿ, ಸಾಧ್ಯವಾದರೆ ಅದೇ ಸೆಂಟರಿಗೆ, ಅದೇ ಹೊತ್ತಿಗೆ ಹೋಗಿ. ಬ್ರೇಸ್ ಹಾಕುವ ಮಗುವಾದರೆ ಎಕ್ಸ್‌ರೇಗೆ ಎಷ್ಟು ಗಂಟೆ ಮೊದಲು ತೆಗೆದಿಡಬೇಕು ಅಂತ ಡಾಕ್ಟರ ಹತ್ತಿರ ಕೇಳಿಕೊಂಡು ಪ್ರತಿ ಸಲವೂ ಅಷ್ಟೇ ಹೊತ್ತು ತೆಗೆದಿಡಿ, ಇಲ್ಲದಿದ್ದರೆ ಒಂದು ಫಿಲ್ಮನ್ನು ಇನ್ನೊಂದರ ಜೊತೆ ಹೋಲಿಸಲು ಆಗುವುದಿಲ್ಲ. ರಿಪೋರ್ಟಿನಲ್ಲಿ "ಸ್ವಲ್ಪ ಸ್ಕೋಲಿಯೋಸಿಸ್" ಅಂತ ಮಾತ್ರ ಬರೆದಿದ್ದರೆ ವಾಪಸು ಕೊಟ್ಟು ಮೂರು ವಿಷಯ ಬರೆಸಿಕೊಳ್ಳಿ: ಯಾವ ಮಣಿಯಿಂದ ಯಾವ ಮಣಿಗೆ, ಎಷ್ಟು ಡಿಗ್ರಿ, ರಿಸ್ಸರ್ ಎಷ್ಟು.